ಹನ್ನೆರಡು ರೆಸಿಸ್ಟರುಗಳ ಘನ, ಕೊನೆಯಿಲ್ಲದ ಏಣಿ

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಒಂದು ಲೆಕ್ಕ ಬರುತ್ತದೆ. ಒಂದೊಂದು ಓಮ್‌ನ ಹನ್ನೆರಡು ರೆಸಿಸ್ಟರುಗಳನ್ನು ಒಂದು ಘನದ ಹನ್ನೆರಡು ಅಂಚುಗಳಾಗಿ ಜೋಡಿಸಿದ್ದಾರೆ. ಘನದ ಒಡಲನ್ನು ಹಾದುಹೋಗುವ ಕರ್ಣದ ಎರಡು ತುದಿಗಳಿಗೆ, ಅಂದರೆ ಒಂದರಿಂದ ಒಂದು ಅತಿ ದೂರದಲ್ಲಿರುವ ಎರಡು ಮೂಲೆಗಳಿಗೆ, 10 ವೋಲ್ಟ್‌ನ ಬ್ಯಾಟರಿ ಕೊಟ್ಟಿದ್ದಾರೆ. ಇಡೀ ಜಾಲದ ಒಟ್ಟು ರೋಧ ಎಷ್ಟು ಎಂಬುದು ಪ್ರಶ್ನೆ.

ಸರಣಿ, ಸಮಾಂತರ ಜೋಡಣೆಯ ಸೂತ್ರ ಕಲಿತ ವಿದ್ಯಾರ್ಥಿ ಮೊದಲು ಅದನ್ನೇ ಹಿಡಿದು ಹೊರಡುತ್ತಾನೆ. ಆದರೆ ಘನದ ಪ್ರತಿ ಮೂಲೆಯಲ್ಲೂ ಮೂರು ರೆಸಿಸ್ಟರುಗಳು ಕೂಡುತ್ತವೆ. ಹಾಗಾಗಿ ಒಂದರ ಬೆನ್ನಿಗೆ ಇನ್ನೊಂದು ಮಾತ್ರ ಇರುವ ಜೋಡಿಯೂ ಸಿಗುವುದಿಲ್ಲ, ಎರಡೂ ತುದಿ ಹಂಚಿಕೊಂಡ ಜೋಡಿಯೂ ಸಿಗುವುದಿಲ್ಲ. ಸೂತ್ರವನ್ನು ಎಲ್ಲಿಂದ ಶುರುಮಾಡಬೇಕೆಂದೇ ತೋಚದು. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ಗುಸ್ತಾವ್ ಕಿರ್ಚಾಫ್ ಕೊಟ್ಟ ಎರಡು ನಿಯಮಗಳನ್ನು ಬಳಸಿದರೆ ಉತ್ತರ ಖಂಡಿತ ಬರುತ್ತದೆ. ಹನ್ನೆರಡು ಅಂಚುಗಳ ಕರೆಂಟಿಗೆ ಹನ್ನೆರಡು ಸಮೀಕರಣ ಬರೆದು ಬಿಡಿಸಬೇಕು, ಅಷ್ಟೇ. ಅಷ್ಟು ಕಾಗದ ಖರ್ಚುಮಾಡುವ ಮೊದಲು ಆ ಘನವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದು ಒಳ್ಳೆಯದು.

ಕರೆಂಟು ಒಳಬರುವ ಮೂಲೆಯನ್ನು ‘ಅ’ ಎನ್ನೋಣ. ‘ಅ’ ಮತ್ತು ಅದರ ಎದುರಿನ ಮೂಲೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಘನವನ್ನು ಸುತ್ತಿನ ಮೂರನೇ ಒಂದು ಭಾಗದಷ್ಟು ತಿರುಗಿಸಿದರೆ, ತಿರುಗಿಸಿದ್ದೇ ಗೊತ್ತಾಗುವುದಿಲ್ಲ. ಬ್ಯಾಟರಿಯ ಎರಡು ತುದಿಗಳೂ ಇದ್ದಲ್ಲೇ ಇವೆ, ರೆಸಿಸ್ಟರುಗಳೆಲ್ಲ ಒಂದೇ ಬೆಲೆಯವು. ‘ಅ’ದಿಂದ ಹೊರಟ ಮೂರು ಅಂಚುಗಳು ಮಾತ್ರ ತಮ್ಮ ತಮ್ಮಲ್ಲೇ ಜಾಗ ಬದಲಿಸಿಕೊಂಡಿವೆ. ಜಾಗ ಬದಲಿಸಿದರೂ ವ್ಯತ್ಯಾಸ ಕಾಣದ ಮೂರು ಅಂಚುಗಳಲ್ಲಿ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಕರೆಂಟು ಹರಿಯಲು ಕಾರಣವೇ ಇಲ್ಲ. ಆದ್ದರಿಂದ ಬಂದ ಕರೆಂಟು ಮೂರು ಸಮಪಾಲಾಗುತ್ತದೆ. ಮುಂದಿನ ಮೂಲೆಯಲ್ಲಿ ಪ್ರತಿ ಪಾಲೂ ಮತ್ತೆ ಎರಡಾಗಿ ಒಡೆದು ಆರನೇ ಒಂದಾಗುತ್ತದೆ. ಕೊನೆಯ ಅಂಚಿನಲ್ಲಿ ಎರಡೆರಡು ಕೂಡಿ ಮತ್ತೆ ಮೂರನೇ ಒಂದು. ಯಾವುದಾದರೂ ಒಂದು ದಾರಿ ಹಿಡಿದು ಈ ಕಡೆಯಿಂದ ಆ ಕಡೆಗೆ ಹೋದರೆ ಸಿಗುವುದು 1/3 + 1/6 + 1/3, ಅಂದರೆ 5/6. ಜಾಲದ ರೋಧ 5R/6. ಪುಸ್ತಕದ ಲೆಕ್ಕದಲ್ಲಿ R ಒಂದು ಓಮ್ ಆದ್ದರಿಂದ ಬ್ಯಾಟರಿಯಿಂದ 12 ಆಂಪಿಯರ್ ಹೊರಡುತ್ತದೆ. ದಾರಿಯ ಮೂರು ಅಂಚುಗಳಲ್ಲಿ 4, 2, 4 ಆಂಪಿಯರ್ ಹರಿಯುತ್ತದೆ. ಒಂದು ಓಮ್‌ನ ಮೇಲೆ ಇವು ಬೀಳಿಸುವ ವೋಲ್ಟೇಜುಗಳನ್ನು ಕೂಡಿದರೆ ಸರಿಯಾಗಿ 10.

ಈ ಉತ್ತರ ಎಷ್ಟು ಸಲೀಸಾಗಿ ಬಂತೆಂದರೆ, ‘ಘನವಾದರೆ ಕರೆಂಟು ಮೂರು ಪಾಲು’ ಎಂದು ಬಾಯಿಪಾಠ ಮಾಡಿಕೊಳ್ಳುವವರಿದ್ದಾರೆ. ಬ್ಯಾಟರಿಯನ್ನು ಒಂದೇ ಅಂಚಿನ ಎರಡು ತುದಿಗಳಿಗೆ ಕೊಟ್ಟ ಕೂಡಲೇ ಅದು ಕೈಕೊಡುತ್ತದೆ. ಆ ಅಂಚಿನ ತುದಿಗಳನ್ನು ‘ಅ’, ‘ಬ’ ಎನ್ನೋಣ. ಈಗ ಘನವನ್ನು ಹಿಂದಿನಂತೆ ತಿರುಗಿಸಿದರೆ ‘ಬ’ ತನ್ನ ಜಾಗದಿಂದ ಕದಲುತ್ತದೆ. ಎರಡು ತುದಿಗಳನ್ನೂ ಇದ್ದಲ್ಲೇ ಉಳಿಸಿ ಮಾಡಬಹುದಾದ ಬದಲಾವಣೆಗೆ ಮಾತ್ರ ಇಲ್ಲಿ ಬೆಲೆ. ‘ಅ’ದ ಮೂರು ಅಂಚುಗಳಲ್ಲಿ ಒಂದು ನೇರವಾಗಿ ‘ಬ’ಕ್ಕೇ ಹೋಗುತ್ತದೆ, ಉಳಿದೆರಡು ಸುತ್ತಿಕೊಂಡು ಹೋಗುತ್ತವೆ. ಆ ಎರಡು ಪರಸ್ಪರ ಕನ್ನಡಿಯ ಬಿಂಬಗಳು, ನಿಜ. ಮೂರನೆಯದು ಅವುಗಳ ಸಾಲಿಗೆ ಸೇರುವುದಿಲ್ಲ.

ಸಮಮಿತಿ ಇಲ್ಲದಿದ್ದರೆ ಅದನ್ನು ತಂದುಕೊಳ್ಳಬಹುದು ಎಂಬುದೇ ಈ ಇಡೀ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಈಗ ಪ್ರತಿ ಅಂಚಿನಲ್ಲೂ ಒಂದು ಕಿಲೋಓಮ್ ಇದೆ ಎಂದುಕೊಳ್ಳಿ. ಬ್ಯಾಟರಿಯನ್ನು ಪಕ್ಕಕ್ಕಿಟ್ಟು, ‘ಅ’ ಮೂಲೆಗೆ 24 ಮಿಲಿಆಂಪಿಯರ್ ಕರೆಂಟು ತುಂಬೋಣ. ಅದನ್ನು ‘ಬ’ ಒಂದರಿಂದಲೇ ಹೊರತೆಗೆಯದೆ, ‘ಅ’ವೂ ಸೇರಿದಂತೆ ಎಂಟೂ ಮೂಲೆಗಳಿಂದ 3 ಮಿಲಿಆಂಪಿಯರಿನಂತೆ ಹೊರಗೆ ಬಿಡೋಣ. ಈಗ ‘ಬ’ಕ್ಕೆ ವಿಶೇಷ ಸ್ಥಾನವಿಲ್ಲ, ಅದು ಎಂಟರಲ್ಲಿ ಒಂದು. ‘ಅ’ದ ಮೂರು ಅಂಚುಗಳೂ ಮತ್ತೆ ಸಮಾನವಾದವು. ಬಂದ 24ರಲ್ಲಿ 3 ಅಲ್ಲೇ ಹೊರಹೋಯಿತು. ಉಳಿದ 21 ಮೂರು ಪಾಲಾಗಿ ತಲಾ 7. ಅಂದರೆ ‘ಅ’ದಿಂದ ‘ಬ’ಕ್ಕೆ ನೇರ ಅಂಚಿನಲ್ಲಿ 7 ಮಿಲಿಆಂಪಿಯರ್ ಹರಿಯುತ್ತಿದೆ.

ಇದನ್ನೇ ತಿರುವುಮುರುವಾಗಿ ಯೋಚಿಸೋಣ. ಎಂಟೂ ಮೂಲೆಗಳಿಗೆ 3 ಮಿಲಿಆಂಪಿಯರಿನಂತೆ ತುಂಬಿ, ಎಲ್ಲವನ್ನೂ ‘ಬ’ದಿಂದ 24 ಆಗಿ ಹೊರಗೆಳೆದರೆ, ಅದೇ ತರ್ಕದಿಂದ ಅದೇ ಅಂಚಿನಲ್ಲಿ ‘ಅ’ದಿಂದ ‘ಬ’ದ ಕಡೆಗೇ 7 ಹರಿಯುತ್ತದೆ. ಈಗ ಎರಡು ಸ್ಥಿತಿಗಳನ್ನೂ ಒಂದರ ಮೇಲೊಂದು ಕೂಡಿಸಬೇಕು. ರೆಸಿಸ್ಟರುಗಳ ಜಾಲದಲ್ಲಿ ಹೀಗೆ ಕೂಡಿಸಲು ಅಡ್ಡಿಯಿಲ್ಲ, ಏಕೆಂದರೆ ಓಮ್‌ನ ನಿಯಮದಲ್ಲಿ ಕರೆಂಟು ಎಷ್ಟು ಪಟ್ಟೋ ವೋಲ್ಟೇಜೂ ಅಷ್ಟೇ ಪಟ್ಟು. ಪ್ರತಿ ಮೂಲೆಯಲ್ಲಿ ಹೊರಬಿಟ್ಟ 3, ಒಳತುಂಬಿದ 3 ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ‘ಅ’ದಲ್ಲಿ ಒಳಬರುವ 24, ‘ಬ’ದಲ್ಲಿ ಹೊರಹೋಗುವ 24. ನಮಗೆ ಬೇಕಾಗಿದ್ದೂ ಅದೇ. ನೇರ ಅಂಚಿನಲ್ಲಿ 7 + 7, ಒಟ್ಟು 14 ಮಿಲಿಆಂಪಿಯರ್. ಒಂದು ಕಿಲೋಓಮ್ ಮೇಲೆ ಅದು 14 ವೋಲ್ಟ್. 14 ವೋಲ್ಟನ್ನು 24 ಮಿಲಿಆಂಪಿಯರಿನಿಂದ ಭಾಗಿಸಿದರೆ ಸುಮಾರು 583 ಓಮ್, ಅಂದರೆ 7R/12. ಉಳಿದ ಹನ್ನೊಂದು ಅಂಚುಗಳಲ್ಲಿ ಏನು ಹರಿಯುತ್ತಿದೆ ಎಂದು ನಾವು ಕೇಳಲೇ ಇಲ್ಲ.

ಮೂರನೆಯ ಸಾಧ್ಯತೆಯೂ ಒಂದಿದೆ: ಒಂದೇ ಮುಖದ ಎದುರುಬದುರು ಮೂಲೆಗಳು. ಅವೆರಡರ ನಟ್ಟನಡುವೆ ಘನವನ್ನು ಸೀಳುವಂತೆ ಒಂದು ಕನ್ನಡಿ ನಿಲ್ಲಿಸಿದರೆ ಉಳಿದ ಆರು ಮೂಲೆಗಳಲ್ಲಿ ನಾಲ್ಕು ಆ ಕನ್ನಡಿಯ ಮೇಲೆಯೇ ಬೀಳುತ್ತವೆ. ಆ ನಾಲ್ಕಕ್ಕೂ ಸರಿಯಾಗಿ ಅರ್ಧ ವೋಲ್ಟೇಜು. ಅವುಗಳನ್ನು ಕೂಡಿಸುವ ಎರಡು ಅಂಚುಗಳಲ್ಲಿ ಕರೆಂಟೇ ಇಲ್ಲ, ಕಿತ್ತುಹಾಕಿದರೂ ನಡೆಯುತ್ತದೆ. ಆಮೇಲೆ ಉಳಿಯುವುದು 2R, 2R ಮತ್ತು 3R ರೋಧದ ಮೂರು ಸಮಾಂತರ ದಾರಿಗಳು, ಉತ್ತರ 3R/4.

ಇದನ್ನು ಮೇಜಿನ ಮೇಲೆ ಮಾಡಿ ನೋಡಲು ಹೆಚ್ಚು ಖರ್ಚಿಲ್ಲ. ಕಂದು, ಕಪ್ಪು, ಕೆಂಪು, ಚಿನ್ನದ ಪಟ್ಟಿಯ ಒಂದು ಕಿಲೋಓಮ್ ರೆಸಿಸ್ಟರುಗಳು ಹನ್ನೆರಡು, ಬೆಸುಗೆ ಹಾಕುವ ಕಬ್ಬಿಣ, ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಚಿನ್ನದ ಪಟ್ಟಿಯೆಂದರೆ ಬೆಲೆ ಶೇ 5ರಷ್ಟು ಅತ್ತಿತ್ತ ಇರಬಹುದೆಂಬ ಗುರುತು. ಸಮಮಿತಿಯ ವಾದ ನಿಂತಿರುವುದೇ ‘ಎಲ್ಲವೂ ಒಂದೇ’ ಎಂಬುದರ ಮೇಲೆ. ಹಾಗಾಗಿ ನಿಜವಾದ ಘನದಲ್ಲಿ ಉತ್ತರವೂ ಶೇ 5ರೊಳಗೆ ಆಚೀಚೆ ಆಗಬಹುದು. ಒಡಲಿನ ಕರ್ಣಕ್ಕೆ 833, ಮುಖದ ಕರ್ಣಕ್ಕೆ 750, ಅಂಚಿಗೆ 583ರ ಆಸುಪಾಸು ಬಂದರೆ ಸರಿ. ಒಂದು ಅಂಚಿನ ಮೇಲೆ ಮಾತ್ರ ಮೀಟರು 1400 ಓಮ್ ಸುಮಾರು ತೋರಿಸಿದರೆ ಆ ರೆಸಿಸ್ಟರಿನ ಬೆಸುಗೆ ಹಿಡಿದಿಲ್ಲ ಎಂದರ್ಥ. ಆ ಅಂಚು ಬಿಟ್ಟುಹೋದಾಗ ಉಳಿದ ಹನ್ನೊಂದರ ಮೂಲಕ ಸುತ್ತಿ ಬರುವ ರೋಧ 7R/5. ಅದನ್ನು R ಜೊತೆ ಸಮಾಂತರದಲ್ಲಿ ಇಟ್ಟು ನೋಡಿ, ಮತ್ತೆ 7R/12 ಬರುತ್ತದೆ.

ಘನಕ್ಕೆ ಎಂಟು ಮೂಲೆಗಳಾದರೂ ಇದ್ದವು. ಕೊನೆಯೇ ಇಲ್ಲದ ಏಣಿಯ ಕಥೆ ಬೇರೆ. ಒಂದು R ಉದ್ದಕ್ಕೆ, ಅದರ ತುದಿಯಿಂದ ಕೆಳಗಿನ ತಂತಿಗೆ ಒಂದು R ಅಡ್ಡಕ್ಕೆ, ಮತ್ತೆ ಉದ್ದಕ್ಕೊಂದು, ಅಡ್ಡಕ್ಕೊಂದು, ಹೀಗೇ ಅನಂತದವರೆಗೆ. ಇಲ್ಲಿ ತಿರುಗಿಸಲು ಏನೂ ಇಲ್ಲ, ಆದರೆ ಸರಿಸಬಹುದು. ಮೊದಲ ಮೆಟ್ಟಿಲನ್ನು ಕತ್ತರಿಸಿ ತೆಗೆದರೆ ಉಳಿಯುವುದೂ ಅದೇ ಏಣಿ. ಇಡೀ ಏಣಿಯ ರೋಧ x ಆದರೆ ಉಳಿದ ಭಾಗದ ರೋಧವೂ x. ಹಾಗಾಗಿ ಅಷ್ಟೂ ಏಣಿಯನ್ನು ಒಂದು ಮೆಟ್ಟಿಲು ಮತ್ತು ಒಂದು x ಎಂದು ಬರೆದುಬಿಡಬಹುದು:

x = R + Rx/(R + x)

ಇದನ್ನು ಬಿಡಿಸಿದರೆ x² − Rx − R² = 0. ಎರಡು ಉತ್ತರಗಳಲ್ಲಿ ಒಂದು ಋಣಸಂಖ್ಯೆ; ರೆಸಿಸ್ಟರುಗಳನ್ನಷ್ಟೇ ಜೋಡಿಸಿ ಋಣ ರೋಧ ಮಾಡಲಾಗದು. ಉಳಿದದ್ದು R(1 + √5)/2, ಸುಮಾರು 1.618R. ಗಣಿತದಲ್ಲಿ ಸುವರ್ಣ ಅನುಪಾತ ಎಂದು ಹೆಸರಾದ ಸಂಖ್ಯೆಯೇ ಇದು.

ಜಾಗರೂಕ ಓದುಗರಿಗೆ ಇಲ್ಲಿ ಒಂದು ಅನುಮಾನ ಬರಬೇಕು, ಬಂದರೆ ಅದು ನ್ಯಾಯವಾದದ್ದು. ಅನಂತ ಏಣಿಗೆ ರೋಧ ಎಂಬುದೊಂದು ಇದೆ ಎಂದು ನಾವು ಮೊದಲೇ ಒಪ್ಪಿಕೊಂಡು ಅದಕ್ಕೆ x ಎಂದು ಹೆಸರಿಟ್ಟೆವು. ಅದು ಇರಲೇಬೇಕೆಂದು ಹೇಳಿದವರು ಯಾರು? ಇದಕ್ಕೆ ಉತ್ತರ ಬೇಕಾದರೆ ಚಿಕ್ಕ ಏಣಿಗಳಿಂದ ಶುರುಮಾಡಬೇಕು. ಕೊನೆಯನ್ನು ತೆರೆದು ಬಿಟ್ಟ ಏಣಿಯಲ್ಲಿ ಒಂದು ಮೆಟ್ಟಿಲಿಗೆ 2R, ಎರಡಕ್ಕೆ 5R/3, ಮೂರಕ್ಕೆ 13R/8, ನಾಲ್ಕಕ್ಕೆ 34R/21. ಬೆಲೆ ಇಳಿಯುತ್ತಾ ಹೋಗುತ್ತದೆ. ಕೊನೆಯ ಅಡ್ಡ ರೆಸಿಸ್ಟರನ್ನು ತಂತಿಯಿಂದ ಶಾರ್ಟ್ ಮಾಡಿದರೆ ಅದೇ ಏಣಿ R, 3R/2, 8R/5, 21R/13 ಎಂದು ಏರುತ್ತಾ ಬರುತ್ತದೆ. ಕೊನೆಯಲ್ಲಿ ಏನೇ ಇದ್ದರೂ ಅದು ತೆರೆದ ಮತ್ತು ಶಾರ್ಟ್ ಆದ ಈ ಎರಡು ಸ್ಥಿತಿಗಳ ನಡುವೆಯೇ ಇರಬೇಕು. ನಾಲ್ಕನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಮೇಲಿನದು 1.619, ಕೆಳಗಿನದು 1.615. ಇವೆರಡರ ನಡುವೆ ಸಿಕ್ಕಿಕೊಂಡ ಸಂಖ್ಯೆಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಕಾರಣವೂ ಸ್ಪಷ್ಟ: ಪ್ರತಿ ಮೆಟ್ಟಿಲು ದಾಟುವಾಗ ವೋಲ್ಟೇಜು ಹಿಂದಿನದರ ಶೇ 38ಕ್ಕೆ ಕುಸಿಯುತ್ತದೆ, ದೂರದ ಮೆಟ್ಟಿಲುಗಳವರೆಗೆ ಕರೆಂಟು ಮುಟ್ಟುವುದೇ ಇಲ್ಲವೆನ್ನುವಷ್ಟು ಕಡಿಮೆ. ಶೇ 5ರ ರೆಸಿಸ್ಟರುಗಳಲ್ಲಿ ನಾಲ್ಕು ಮೆಟ್ಟಿಲಿನ ಏಣಿಯನ್ನೂ ಅನಂತ ಏಣಿಯನ್ನೂ ಮಲ್ಟಿಮೀಟರಿನಿಂದ ಬೇರೆ ಮಾಡಿ ಹೇಳಲಾಗದು.

ಅನಂತ ಏಣಿ ಪರೀಕ್ಷೆಯ ಲೆಕ್ಕಕ್ಕಷ್ಟೇ ಸೀಮಿತವಲ್ಲ. ಅಡ್ಡ ರೆಸಿಸ್ಟರನ್ನು R ಬದಲು 2R ಮಾಡಿದರೆ ಅದೇ ಸಮೀಕರಣದಿಂದ x ನೇರವಾಗಿ 2R ಎಂದು ಬರುತ್ತದೆ. ಇಲ್ಲೊಂದು ಅನುಕೂಲವಿದೆ. ಏಣಿಯನ್ನು ಎಲ್ಲಿ ಬೇಕಾದರೂ ಕತ್ತರಿಸಿ, ಕತ್ತರಿಸಿದ ಕೊನೆಗೆ ಇನ್ನೊಂದು 2R ಇಟ್ಟರೆ, ಮುಂದಿನ ಅನಂತ ಭಾಗ ಅಲ್ಲೇ ಇದ್ದಂತೆ. ಪ್ರತಿ ಕೂಡುವಲ್ಲಿಯೂ ಕರೆಂಟಿಗೆ ಎರಡು ದಾರಿ, ಎರಡೂ 2R. ಹಾಗಾಗಿ ಅದು ಸರಿಯಾಗಿ ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ ಎಂದು ಒಡೆಯುತ್ತದೆ: 1/2, 1/4, 1/8. ದ್ವಿಮಾನ ಪದ್ಧತಿಯಲ್ಲಿ ಬರೆದ ಸಂಖ್ಯೆಯ ಸ್ಥಾನಬೆಲೆಗಳೂ ಹೀಗೇ ಅರ್ಧರ್ಧವಾಗುತ್ತಾ ಹೋಗುತ್ತವೆ. ಕಂಪ್ಯೂಟರಿನ ಅಂಕಿಗಳನ್ನು ವೋಲ್ಟೇಜಾಗಿ ಬದಲಿಸುವ ಚಿಪ್ಪುಗಳಲ್ಲಿ ಈ R-2R ಏಣಿ ಇರುತ್ತದೆ. ಪ್ರತಿ ಅಡ್ಡ ರೆಸಿಸ್ಟರಿನ ಬುಡದಲ್ಲಿ ಒಂದು ಸ್ವಿಚ್. ಅಂಕಿ 1 ಆದರೆ ಅದರ ಪಾಲಿನ ಕರೆಂಟು ಮೊತ್ತಕ್ಕೆ ಸೇರುತ್ತದೆ, 0 ಆದರೆ ನೆಲದ ತಂತಿಗೆ ಹೋಗುತ್ತದೆ. ಮೂರು ಮೆಟ್ಟಿಲಿನ ಏಣಿಗೆ 101 ಎಂದು ಕೊಟ್ಟರೆ 1/2 ಮತ್ತು 1/8 ಕೂಡಿ ಒಟ್ಟು ಕರೆಂಟಿನ 5/8 ಸಿಗುತ್ತದೆ. 101 ಎಂದರೆ 5 ತಾನೇ. ಕೊನೆಯ ಆ ಒಂದು 2R ಅನ್ನು ಮರೆತು ಬಿಟ್ಟರೆ ಕಟ್ಟಕಡೆಯ ಕೂಡುವಲ್ಲಿ ಕರೆಂಟು ಒಡೆಯುವುದೇ ಇಲ್ಲ. ಅದರ ಹಿಂದಿನದರಲ್ಲಿ ಒಂದು ಕಡೆ 2R, ಇನ್ನೊಂದು ಕಡೆ 3R ಇರುವುದರಿಂದ ಸಮಪಾಲಿನ ಬದಲು 3:2 ಆಗಿ ಹಂಚಿಹೋಗುತ್ತದೆ. ಚಿಕ್ಕ ಅಂಕಿಗಳ ಬೆಲೆ ಮೊದಲು ಕೆಡುತ್ತದೆ, ಆಮೇಲೆ ಹಿಂದಿನ ಮೆಟ್ಟಿಲುಗಳಿಗೂ ಅದರ ಬಿಸಿ ಒಂದಿಷ್ಟು ತಟ್ಟುತ್ತದೆ.