ಶಿಖರದ ಅಗಲದಲ್ಲಿ ಕ್ಷಯದ ಲೆಕ್ಕ

ಎನ್‌ಎಂಆರ್ ಯಂತ್ರದಲ್ಲಿ ಮಾದರಿಯನ್ನು ಇಟ್ಟ ಮೇಲೆ ಅನುಭವಿಗಳ ಕಣ್ಣು ಹೋಗುವುದು ತೆರೆಯ ಮೇಲಿನ ಶಿಖರದ ಎತ್ತರಕ್ಕಲ್ಲ, ಅಗಲಕ್ಕೆ.

11.7 ಟೆಸ್ಲಾ ಕಾಂತದೊಳಗೆ ನೀರಿನ ಕೊಳವೆಯಿಟ್ಟು ಕ್ಷಣಮಾತ್ರ ರೇಡಿಯೊ ತರಂಗ ಹಾಯಿಸಿದರೆ, ನೀರಿನ ಪ್ರೋಟಾನುಗಳು ಒಂದೇ ಲಯದಲ್ಲಿ ಸುತ್ತತೊಡಗಿ, ಸುತ್ತಲಿನ ತಂತಿಸುರುಳಿಯಲ್ಲಿ ಸಣ್ಣ ವೋಲ್ಟೇಜು ಹುಟ್ಟಿಸುತ್ತವೆ. ಅದು ಸೆಕೆಂಡಿಗೆ ಸುಮಾರು 50 ಕೋಟಿ ಸಲ ಕಂಪಿಸುತ್ತದೆ. ಬಾರಿಸಿ ಬಿಟ್ಟ ಗಂಟೆಯ ನಾದದಂತೆ ಕ್ರಮೇಣ ಕುಗ್ಗುತ್ತದೆ. ಮೊದಲಿನ ಬಲದ ಶೇ 37ಕ್ಕೆ ಇಳಿಯಲು ಹಿಡಿಯುವ ಸಮಯವೇ ಕ್ಷಯಕಾಲ.

ಈ ಸಂಕೇತವನ್ನು ಫೂರಿಯೆ ಗಣಿತದಿಂದ ಆವರ್ತನಗಳಾಗಿ ಬಿಡಿಸುವ ಪದ್ಧತಿಯನ್ನು ಎನ್‌ಎಂಆರ್‌ಗೆ ತಂದವರು ರಿಚರ್ಡ್ ಅರ್ನ್ಸ್ಟ್ ಮತ್ತು ವೆಸ್ಟನ್ ಆಂಡರ್ಸನ್; ಅವರ ಲೇಖನ ಬಂದದ್ದು 1966ರಲ್ಲಿ. ಹಾಗೆ ಬಿಡಿಸಿದಾಗ ಸೂಜಿಮೊನೆಯಂಥ ಗೆರೆ ಸಿಗುವುದಿಲ್ಲ, ದುಂಡು ತಲೆಯ ಶಿಖರ ಸಿಗುತ್ತದೆ. ಕಾರಣವಿಷ್ಟೆ: ಒಂದು ಹರ್ಟ್ಸ್ ಅಂತರದ ಎರಡು ಕಂಪನಗಳಲ್ಲಿ ಒಂದು ಇನ್ನೊಂದಕ್ಕಿಂತ ಪೂರ್ತಿ ಒಂದು ಸುತ್ತು ಮುಂದಾಗಲು ಒಂದು ಸೆಕೆಂಡು ಬೇಕು. ಸಂಕೇತ ಅದಕ್ಕೆ ಮೊದಲೇ ಅಡಗಿಬಿಟ್ಟರೆ ಅವೆರಡನ್ನು ಬೇರೆ ಮಾಡಿ ಹೇಳುವುದು ಕಷ್ಟ. ಬೇಗ ಅಡಗಿದಷ್ಟೂ ಶಿಖರ ಅಗಲ. ಅರ್ಧ ಎತ್ತರದಲ್ಲಿ ಅಳೆದ ಅಗಲವೆಂದರೆ ಒಂದನ್ನು, π ಮತ್ತು ಕ್ಷಯಕಾಲದ ಗುಣಲಬ್ಧದಿಂದ ಭಾಗಿಸಿದಷ್ಟು.

ನೀರಿನ ಶಿಖರದ ಅಗಲ 0.5 ಹರ್ಟ್ಸ್ ಬಂತೆನ್ನೋಣ. ಕ್ಷಯಕಾಲ 0.64 ಸೆಕೆಂಡು. ಆದರೆ ಶುದ್ಧ ನೀರಿನ ಪ್ರೋಟಾನುಗಳು ತಮ್ಮಷ್ಟಕ್ಕೆ ಎರಡು ಸೆಕೆಂಡಿಗೂ ಹೆಚ್ಚು ಕಾಲ ಲಯ ಕಾಯಬಲ್ಲವು. ಆಗ ಅಗಲ 0.16 ಹರ್ಟ್ಸ್ ಮೀರಬಾರದು. ಉಳಿದದ್ದು ಕಾಂತದ ಲೋಪ. ಕೊಳವೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಕ್ಷೇತ್ರದಲ್ಲಿ ನೂರು ಕೋಟಿಯಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೂ ಸಾಕು, ಪ್ರೋಟಾನುಗಳ ಲಯ ತಪ್ಪಿ ಸಂಕೇತ ಬೇಗ ಅಡಗುತ್ತದೆ. ಶಿಮ್ ಸುರುಳಿಗಳ ವಿದ್ಯುತ್ತನ್ನು ಹದಗೊಳಿಸುತ್ತಾ ಶಿಖರವನ್ನು ಕಿರಿದುಮಾಡುವ ಕೆಲಸ ಇದಕ್ಕಾಗಿಯೇ. ಈ ಎರಡು ಕಾರಣಗಳನ್ನು ಬರೀ ಅಗಲ ನೋಡಿ ಬೇರ್ಪಡಿಸಲಾಗದು. ಅದಕ್ಕೆ 1950ರಲ್ಲಿ ಎರ್ವಿನ್ ಹಾನ್ ತೋರಿಸಿದ ಉಪಾಯವಿದೆ: ಸ್ವಲ್ಪ ಹೊತ್ತಿನ ಬಳಿಕ ಇನ್ನೊಂದು ತರಂಗ ಹಾಯಿಸಿದರೆ, ಕ್ಷೇತ್ರದ ಅಸಮತೆಯಿಂದ ಚದುರಿದ ಪ್ರೋಟಾನುಗಳು ಮತ್ತೆ ಕೂಡಿ ಪ್ರತಿಧ್ವನಿ ಕೊಡುತ್ತವೆ. ಆ ಪ್ರತಿಧ್ವನಿ ಕುಗ್ಗುವ ವೇಗದಲ್ಲಿ ಪ್ರೋಟಾನುಗಳ ಸ್ವಂತ ಕ್ಷಯ ಸಿಗುತ್ತದೆ.

ಸಂಕೇತ ಪೂರ್ತಿ ಅಡಗುವ ಮೊದಲೇ ದಾಖಲೆ ನಿಲ್ಲಿಸಿದರೆ ಅಳತೆ ಕೆಡುತ್ತದೆ. ಶಿಖರದ ಬುಡದ ಎರಡೂ ಕಡೆ ಕಿರುಅಲೆಗಳು ಕಂಡರೆ ಆದದ್ದು ಅದೇ. ಕ್ಷಯಕಾಲದ ಐದು ಪಟ್ಟು, ನಮ್ಮ ಉದಾಹರಣೆಯಲ್ಲಿ 3.2 ಸೆಕೆಂಡು, ಕಾದರೆ ಉಳಿಯುವುದು ಶೇ 1ಕ್ಕಿಂತ ಕಡಿಮೆ. ಕಾಯುವ ಬದಲು ಕೆಲವರು ಸಂಕೇತವನ್ನು ಗಣಿತದಲ್ಲೇ ಇನ್ನಷ್ಟು ಬೇಗ ಕುಗ್ಗಿಸಿ ಅಲೆಗಳನ್ನು ಅಡಗಿಸುತ್ತಾರೆ. ಹಾಗೆ 1 ಹರ್ಟ್ಸ್‌ನಷ್ಟು ಕ್ಷಯ ಸೇರಿಸಿದಲ್ಲಿ ತೆರೆಯ ಮೇಲಿನ ಅಗಲ 1.5 ಹರ್ಟ್ಸ್ ಆಗುತ್ತದೆ. ಕ್ಷಯಕಾಲ ಲೆಕ್ಕಹಾಕುವ ಮುನ್ನ ಆ ಒಂದನ್ನು ಕಳೆಯಲೇಬೇಕು.