ಉತ್ತರ ಬಂದ ಮೇಲೆ ಏನು ಕೇಳಬೇಕು?

ಬಿ.ಎಡ್. ಓದುತ್ತಿರುವ ಹುಡುಗಿಯೊಬ್ಬಳು ಆರು ಸಹಪಾಠಿಗಳನ್ನು ಏಳನೇ ತರಗತಿಯ ಮಕ್ಕಳೆಂದು ಕೂರಿಸಿಕೊಂಡು ಪಾಠ ಮಾಡುತ್ತಿದ್ದಾಳೆ ಎಂದುಕೊಳ್ಳಿ. ಮೇಜಿನ ಮೇಲೆ ಐಸ್ ಹಾಕಿದ ನೀರಿನ ಲೋಟವಿದೆ. ‘ಲೋಟದ ಹೊರಗೆ ನೀರು ಎಲ್ಲಿಂದ ಬಂತು?’ ಎಂದು ಕೇಳುತ್ತಾಳೆ. ‘ಒಳಗಿಂದ ಸೋರಿದೆ ಮಿಸ್’ ಎನ್ನುತ್ತಾನೆ ಒಬ್ಬ. ‘ಅಲ್ಲ. ಬೇರೆ ಯಾರು ಹೇಳ್ತೀರಾ?’ ಇನ್ನೊಬ್ಬಳು ಎದ್ದು ‘ಗಾಳಿಯಲ್ಲಿರುವ ನೀರಾವಿ ಸಾಂದ್ರೀಕರಣವಾಗಿದೆ ಮಿಸ್’ ಎನ್ನುತ್ತಾಳೆ. ‘ವೆರಿ ಗುಡ್, ಕೂತ್ಕೋ.’ ಪಾಠ ಮುಂದಕ್ಕೆ ಹೋಗುತ್ತದೆ.

ಪ್ರಶ್ನೆ ಚೆನ್ನಾಗಿತ್ತು, ಸರಿಯುತ್ತರವೂ ಬಂತು. ಆದರೆ ಮೊದಲ ಹುಡುಗನ ತಲೆಯಲ್ಲಿ ಲೋಟ ಇನ್ನೂ ಸೋರುತ್ತಲೇ ಇದೆ. ಎರಡನೆಯವಳು ಹೇಳಿದ ಪದ ಅವಳಿಗೆ ಅರ್ಥವಾಗಿದೆಯೋ, ಬರೀ ಬಾಯಿಪಾಠವೋ, ಅದೂ ಗೊತ್ತಾಗಲಿಲ್ಲ. ಶಿಕ್ಷಕಿ ಎಡವಿದ್ದು ಪ್ರಶ್ನೆಯಲ್ಲಲ್ಲ, ಉತ್ತರ ಬಂದ ಮರುಕ್ಷಣದಲ್ಲಿ. ಪ್ರಶ್ನಿಸುವ ಕೌಶಲದ ಸೂಕ್ಷ್ಮ ಬೋಧನೆಯಲ್ಲಿ ಅಭ್ಯಾಸ ಮಾಡಬೇಕಾದದ್ದು ಆ ಮರುಕ್ಷಣವನ್ನೇ.

ಸೂಕ್ಷ್ಮ ಬೋಧನೆ 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರ ಕೈಯಲ್ಲಿ ರೂಪುಗೊಂಡಿತು. ಇಡೀ ಪಾಠದ ಬದಲು ಒಂದೇ ಕೌಶಲ, ನಲವತ್ತು ಮಕ್ಕಳ ಬದಲು ಐದಾರು ಮಂದಿ, ಪೂರ್ತಿ ಪೀರಿಯಡ್ ಬದಲು ಕೆಲವೇ ನಿಮಿಷ. ನಮ್ಮ ದೇಶದಲ್ಲಿ ರೂಢಿಯಾದ ಮಾದರಿಯಲ್ಲಿ ಒಂದು ಸುತ್ತಿಗೆ 36 ನಿಮಿಷ: ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮತ್ತೆ ಹಿಮ್ಮಾಹಿತಿಗೆ 6. ಶೋಧಕ ಪ್ರಶ್ನೆಯ ಎಲ್ಲ ಬಗೆಗಳನ್ನೂ ಒಂದೇ ಪಾಠದಲ್ಲಿ ಜೋಡಿಸುವಾಗ ಆರು ನಿಮಿಷ ಸಾಲದು, ಹತ್ತು ಬೇಕು.

ಮಗುವಿನ ಉತ್ತರ ಕೇಳಿದ ಮೇಲೆ ಶಿಕ್ಷಕರ ಮುಂದೆ ಐದು ದಾರಿಗಳಿವೆ. ಉತ್ತರವೇ ಬಾರದಿದ್ದರೆ ಸುಳಿವು ಕೊಡುವುದು. ಅರ್ಧ ಉತ್ತರ ಬಂದರೆ ಇನ್ನಷ್ಟು ಹೇಳಿಸುವುದು. ಸರಿಯುತ್ತರ ಬಂದರೆ ಅದನ್ನು ಬೇರೊಂದು ಸಂದರ್ಭಕ್ಕೆ ಹೊಂದಿಸುವುದು, ಇದು ಪುನಃಕೇಂದ್ರೀಕರಣ. ಅದೇ ಪ್ರಶ್ನೆಯನ್ನು ಇನ್ನೊಂದು ಮಗುವಿಗೆ ದಾಟಿಸುವುದು ಪುನರ್ನಿರ್ದೇಶನ. ‘ಹಾಗೇಕೆ? ಹಾಗಿದ್ದರೆ ಏನಾಗಬೇಕಿತ್ತು?’ ಎಂದು ಕೇಳಿ ತನ್ನ ಉತ್ತರವನ್ನು ತಾನೇ ಒರೆಗೆ ಹಚ್ಚುವಂತೆ ಮಾಡುವುದು ಐದನೆಯದು.

ಯೋಜನೆ ಬರೆಯಲು ಕುಳಿತವರು ಸಾಮಾನ್ಯವಾಗಿ ಪ್ರಶ್ನೆಗಳ ಪಟ್ಟಿ ಮಾಡುತ್ತಾರೆ. ನಾನು ಹೇಳುವುದು, ಮೊದಲು ಉತ್ತರಗಳನ್ನು ಬರೆಯಿರಿ. ಒಂದೇ ಮುಖ್ಯ ಪ್ರಶ್ನೆ ಇಟ್ಟುಕೊಂಡು, ಅದಕ್ಕೆ ಮಕ್ಕಳು ಹೇಳಬಹುದಾದ ತಪ್ಪು, ಅರೆಬರೆ, ಬಾಯಿಪಾಠದ ಉತ್ತರಗಳನ್ನು ಎಡಗಡೆ ಬರೆದು, ಪ್ರತಿಯೊಂದಕ್ಕೂ ನಿಮ್ಮ ಮುಂದಿನ ಪ್ರಶ್ನೆಯನ್ನು ಬಲಗಡೆ ಬರೆಯಿರಿ. ಇನ್ನೊಂದು ತೊಡಕಿದೆ. ಮಕ್ಕಳಾಗಿ ಕೂತಿರುವವರು ಪದವೀಧರರು. ಗೆಳತಿಯ ಪಾಠ ಸಲೀಸಾಗಿ ಸಾಗಲಿ ಎಂದು ಸರಿಯುತ್ತರವನ್ನೇ ಕೊಟ್ಟುಬಿಡುತ್ತಾರೆ, ಆಗ ಬಗೆದು ಕೇಳಲು ಏನೂ ಉಳಿಯುವುದಿಲ್ಲ. ಅದಕ್ಕೇ ಎಡಗಡೆಯ ಉತ್ತರಗಳನ್ನು ಚೀಟಿಗಳಲ್ಲಿ ಬರೆದು ಮೊದಲೇ ಹಂಚಬೇಕು. ಯಾವ ಚೀಟಿ ಯಾರ ಕೈಯಲ್ಲಿದೆ ಎಂಬುದು ಪಾಠ ಮಾಡುವವರಿಗೆ ತಿಳಿಯಬಾರದು.

ಈ ಪಾಠಕ್ಕೆ ಬೇಕಾದದ್ದು ಎರಡು ಗಾಜಿನ ಲೋಟ, ಬೀಟ್‌ರೂಟ್ ರಸ ಬೆರೆಸಿದ ಕೆಂಪು ನೀರು, ಐಸ್, ಒಂದು ಬಿಳಿ ಕರವಸ್ತ್ರ. ಎರಡರಲ್ಲೂ ಕೆಂಪು ನೀರು, ಒಂದಕ್ಕೆ ಮಾತ್ರ ಐಸ್. ಐದು ನಿಮಿಷ ಮೊದಲೇ ಐಸ್ ಹಾಕಿಡಿ. ಬೇಸಿಗೆಯ ಒಣಗಾಳಿಯಲ್ಲಿ ಹನಿ ಮೂಡುವುದು ತಡವಾಗುತ್ತದೆ, ಆದ್ದರಿಂದ ಹಿಂದಿನ ದಿನವೇ ಮಾಡಿ ನೋಡಿ.

ಹತ್ತು ನಿಮಿಷದ ಪಾಠ

0–1 ನಿಮಿಷ: ಗಮನಿಸುವುದು
ಶಿಕ್ಷಕಿ: ಎರಡು ಲೋಟ ನೋಡಿ. ಹೊರಗಡೆ ಏನು ವ್ಯತ್ಯಾಸ ಕಾಣ್ತಿದೆ?
ಮಗು 1: ಐಸ್ ಇರೋ ಲೋಟ ಒದ್ದೆಯಾಗಿದೆ ಮಿಸ್. ಇನ್ನೊಂದು ಒಣಗಿದೆ.

1–3 ನಿಮಿಷ: ಮುಖ್ಯ ಪ್ರಶ್ನೆ, ದಾಟಿಸುವುದು
ಶಿಕ್ಷಕಿ: ಹೊರಗಿನ ಈ ನೀರು ಎಲ್ಲಿಂದ ಬಂತು? (ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಒಬ್ಬರತ್ತ ನೋಡುತ್ತಾಳೆ.)
ಮಗು 2: ಒಳಗಿಂದ ಸೋರಿದೆ ಮಿಸ್.
ಶಿಕ್ಷಕಿ: ಒಳಗಿಂದ ಅಂತ ಇವನ ಯೋಚನೆ. ಕಿಟಕಿ ಪಕ್ಕ ಕೂತಿರೋಳೇ, ನಿನಗೇನನ್ನಿಸುತ್ತೆ?
ಮಗು 3: ಐಸ್ ಕರಗಿ ಹೊರಗೆ ಬಂದಿದೆ ಮಿಸ್.
ಶಿಕ್ಷಕಿ: ಹಿಂದಿನ ಬೆಂಚು, ನೀನು?
ಮಗು 4: ಗಾಳಿಯಿಂದ ಇರಬಹುದು ಮಿಸ್.

3–5 ನಿಮಿಷ: ಒರೆಗೆ ಹಚ್ಚುವುದು
ಶಿಕ್ಷಕಿ (ಮಗು 2ಕ್ಕೆ): ಒಳಗಿಂದ ಬಂದಿದ್ದರೆ ಹೊರಗಿನ ನೀರು ಯಾವ ಬಣ್ಣ ಇರಬೇಕಿತ್ತು?
ಮಗು 2: ಕೆಂಪು.
ಶಿಕ್ಷಕಿ: ಬಾ, ಈ ಕರವಸ್ತ್ರದಿಂದ ನೀನೇ ಒರೆಸಿ ನೋಡು.
ಮಗು 2: ಬಣ್ಣ ಇಲ್ಲ ಮಿಸ್. ಹಾಗಾದ್ರೆ ಒಳಗಿನದ್ದಲ್ಲ.

5–7 ನಿಮಿಷ: ಸುಳಿವು
ಶಿಕ್ಷಕಿ (ಮಗು 5ಕ್ಕೆ): ಮತ್ತೆ ಎಲ್ಲಿಂದ ಬಂದಿರಬಹುದು?
ಮಗು 5: ಗೊತ್ತಿಲ್ಲ ಮಿಸ್.
ಶಿಕ್ಷಕಿ: ಲೋಟದ ಹೊರಮೈಗೆ ಏನೇನು ತಾಗಿಕೊಂಡಿದೆ?
ಮಗು 5: ಮೇಜು... ಗಾಳಿ.
ಶಿಕ್ಷಕಿ: ಒದ್ದೆ ಬಟ್ಟೆ ಒಣಗಿದಾಗ ಅದರ ನೀರು ಎಲ್ಲಿಗೆ ಹೋಗುತ್ತೆ?
ಮಗು 5: ಗಾಳಿಗೆ. ಓ, ಗಾಳಿಯಲ್ಲಿರೋ ನೀರೇ ಇಲ್ಲಿ ಕೂತಿದೆ!

7–8 ನಿಮಿಷ: ಇನ್ನಷ್ಟು ಹೇಳಿಸುವುದು
ಮಗು 6: ಇದು ಸಾಂದ್ರೀಕರಣ ಮಿಸ್.
ಶಿಕ್ಷಕಿ: ಆ ಪದ ಬಳಸದೆ ನಿನ್ನ ತಮ್ಮನಿಗೆ ಹೇಳೋದಾದ್ರೆ ಹೇಗೆ ಹೇಳ್ತೀಯ? ಆ ಇನ್ನೊಂದು ಲೋಟಕ್ಕೂ ಗಾಳಿ ತಾಗಿದೆಯಲ್ಲ?
ಮಗು 6: ಅದು ತಣ್ಣಗಿಲ್ಲ. ತಣ್ಣಗಿರೋದಕ್ಕೆ ತಾಗಿದಾಗ ಗಾಳಿಯಲ್ಲಿರೋ ಆವಿ ನೀರಾಗುತ್ತೆ.

8–9 ನಿಮಿಷ: ಪುನಃಕೇಂದ್ರೀಕರಣ
ಶಿಕ್ಷಕಿ: ಇದೇ ಥರ ಹೊರಗೆ ಎಲ್ಲಾದರೂ ನೋಡಿದ್ದೀರಾ?
ಮಗು 3: ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ.
ಶಿಕ್ಷಕಿ: ಅಲ್ಲಿ ತಣ್ಣಗಿರೋದು ಯಾವುದು?
ಮಗು 3: ರಾತ್ರಿ ತಣ್ಣಗಾದ ಹುಲ್ಲು.

9–10 ನಿಮಿಷ: ಮುಕ್ತಾಯ
ಶಿಕ್ಷಕಿ (ಮಗು 2ಕ್ಕೆ): ಈಗ ನೀನು ಹೇಳು, ಲೋಟದ ಹೊರಗಿನ ನೀರು ಎಲ್ಲಿಂದ ಬಂತು?

ಇದನ್ನು ಕಂಠಪಾಠ ಮಾಡಲು ಹೋಗಬೇಡಿ. ಸುಳಿವನ್ನು ‘ಗೊತ್ತಿಲ್ಲ’ ಎಂದಾಗ ಕೊಡಬೇಕೇ ಹೊರತು ಗಡಿಯಾರ ಐದನೇ ನಿಮಿಷ ತೋರಿಸಿತೆಂದು ಅಲ್ಲ. ‘ಗಾಳಿಯಿಂದ’ ಎಂಬ ಸರಿಯುತ್ತರ ಮೂರನೇ ನಿಮಿಷದೊಳಗೇ ಬಂದರೂ ಶಿಕ್ಷಕಿ ಅದಕ್ಕೆ ‘ವೆರಿ ಗುಡ್’ ಎನ್ನಲಿಲ್ಲ. ಎಂದಿದ್ದರೆ ಅಲ್ಲಿಗೇ ಎಲ್ಲರ ಯೋಚನೆ ನಿಂತುಬಿಡುತ್ತಿತ್ತು. ದಾಟಿಸುವಾಗ ಮುಖದಲ್ಲೂ ಸರಿ ತಪ್ಪು ಕಾಣಬಾರದು. ತಪ್ಪು ಹೇಳಿದಾಗ ಮಾತ್ರ ದಾಟಿಸಿದರೆ, ‘ಬೇರೆಯವರು ಹೇಳಿ’ ಎಂದರೆ ತಾನು ಸೋತೆ ಎಂದು ಮಗು ಬೇಗನೆ ಕಲಿತುಬಿಡುತ್ತದೆ.

ಐದು ಎಣಿಸುವುದು ಬಲು ಕಷ್ಟ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆಂದು ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ತೋರಿಸಿಕೊಟ್ಟರು. ಮೂರು ಸೆಕೆಂಡ್ ಅಥವಾ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ಗಳು ಕಡಿಮೆಯಾದವು.

ವೀಕ್ಷಕರ ಹಾಳೆಯಲ್ಲಿ ಐದು ಬಗೆಗೆ ಐದು ಕಾಲಂ ಇರಲಿ, ಪ್ರತಿ ಪ್ರಶ್ನೆಗೂ ಒಂದು ಗೆರೆ. ಇನ್ನೂ ಮೂರು ಕಾಲಂ ಬೇಕು: ಶಿಕ್ಷಕಿ ತಾನೇ ಉತ್ತರ ಹೇಳಿದ್ದು, ಮಗುವಿನ ಉತ್ತರವನ್ನು ತಾನೂ ಉಚ್ಚರಿಸಿದ್ದು, ಎಲ್ಲರಿಂದ ಒಟ್ಟಿಗೆ ಉತ್ತರ ಹೇಳಿಸಿದ್ದು. ಮೊದಲ ಸುತ್ತಿನಲ್ಲಿ ಗೆರೆಗಳು ಹೆಚ್ಚಾಗಿ ಈ ಮೂರರಲ್ಲೇ ಬೀಳುತ್ತವೆ. ಹಿಮ್ಮಾಹಿತಿ ಕೊಡುವಾಗ ‘ಚೆನ್ನಾಗಿತ್ತು’ ಎನ್ನುವ ಬದಲು ಆ ಹಾಳೆಯನ್ನೇ ತೋರಿಸಿ, ಒಂದೇ ಒಂದು ಬದಲಾವಣೆ ಸೂಚಿಸಿ. ಮರುಬೋಧನೆಗೆ ಬೇರೆ ಮಂದಿಯನ್ನು ಕೂರಿಸಿ, ಚೀಟಿಗಳನ್ನು ಬದಲಿಸಿ.

ಪದವೀಧರರು ನಟಿಸುವ ಅಜ್ಞಾನ ನಿಜವಾದ ಮಗುವಿನ ಗೊಂದಲಕ್ಕೆ ಸಮನಾಗದು. ನಲವತ್ತು ಮಕ್ಕಳ ತರಗತಿಯಲ್ಲಿ ಚೀಟಿಯಲ್ಲಿಲ್ಲದ ಉತ್ತರ ಬಂದೇ ಬರುತ್ತದೆ. ಆಗ ನೆರವಿಗೆ ಬರುವುದು ಈ ಹತ್ತು ನಿಮಿಷದಲ್ಲಿ ಕೂಡಿಸಿಕೊಂಡ ಒಂದು ಅಭ್ಯಾಸ: ಸರಿ ತಪ್ಪು ಹೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳುವುದು, ಕೇಳಿ ಕಾಯುವುದು. ಪಾಠ ಗೆದ್ದಿತೋ ಇಲ್ಲವೋ ಎಂದು ತಿಳಿಯಲು ಮಗು 2ರ ಕೊನೆಯ ಉತ್ತರ ಸಾಕು. ಕರವಸ್ತ್ರ ಹಿಡಿದು ಲೋಟ ಒರೆಸಿದವನು ಅದನ್ನು ತನ್ನದೇ ಮಾತಿನಲ್ಲಿ ಹೇಳಬೇಕು.