ಎನ್‌ಒಸಿ ಬಂತು, ಕಡಿತ ನಿಲ್ಲಲಿಲ್ಲ

ತಿಪಟೂರು ಸೀಮೆಯ ಒಬ್ಬ ನಿವೃತ್ತ ಪ್ರೌಢಶಾಲಾ ಮೇಷ್ಟ್ರ ಕಥೆ ಇದು. ಮೇಷ್ಟ್ರು ಕಲ್ಪನೆಯವರು. ಅವರ ಖಾತೆಯಿಂದ ಹಣ ಹೋದ ದಾರಿ ಮಾತ್ರ ದಿಟವಾದದ್ದು, ಯಾರ ಪಾಸ್‌ಬುಕ್ಕಿನಲ್ಲಾದರೂ ಸಿಗಬಹುದಾದದ್ದು.

2025ರ ಮೇ ತಿಂಗಳಲ್ಲಿ ಪಿಂಚಣಿ ಜಮಾ ಆಗಿ ಮೂರು ದಿನಕ್ಕೆ ಮೇಷ್ಟ್ರು ಉಳಿತಾಯ ಖಾತೆಯಲ್ಲಿದ್ದುದನ್ನೆಲ್ಲ ತೆಗೆದರು. ಮನೆಖರ್ಚಿಗೆ ಬೇಕಾದಷ್ಟನ್ನು ಕೈಯಲ್ಲಿಟ್ಟುಕೊಂಡು ಮಿಕ್ಕದ್ದನ್ನು ಹಿರಿಯ ನಾಗರಿಕರ ಬಡ್ಡಿ ಸಿಗಲೆಂದು ಠೇವಣಿಗೆ ಹಾಕಿದರು. ಖಾತೆಯಲ್ಲಿ ಉಳಿದದ್ದು 112 ರೂಪಾಯಿ. ಜೂನ್ ಪಿಂಚಣಿ ಬಂದ ಮೇಲೆ ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ, ಅದರಲ್ಲಿ 295 ರೂಪಾಯಿ ಮುರಿದುಕೊಂಡಿತ್ತು.

“ಇದೇನಮ್ಮ 295? ನನ್ನ ಹತ್ರ ಚೆಕ್‌ಬುಕ್ಕೂ ಇಲ್ಲ, ಎಟಿಎಂ ಕಾರ್ಡೂ ಇಲ್ಲ.”

“ನ್ಯಾಚ್ ಬೌನ್ಸ್ ಆಗಿದೆ ಸಾರ್. 250 ದಂಡ, 45 ಜಿಎಸ್‌ಟಿ.”

“ಯಾವುದು ಬೌನ್ಸ್ ಆಗಿದ್ದು?”

“149 ರೂಪಾಯಿದು. ತಿಂಗಳು ತಿಂಗಳು 5ನೇ ತಾರೀಕು ಹೋಗ್ತಿದೆಯಲ್ಲ ಸಾರ್, ನಿಮಗೆ ಗೊತ್ತಿಲ್ವಾ?”

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಹಣ ಸರಿಯಾಗಿ ಹೋಗುತ್ತಿದ್ದಷ್ಟು ದಿನ ಕಣ್ಣಿಗೆ ಬೀಳದ ಕಡಿತ, ಒಂದು ಸಲ ತಪ್ಪಿದ್ದಕ್ಕೆ ಬಿದ್ದ ದಂಡದಿಂದ ಬಯಲಾಯಿತು.

ಮನೆಗೆ ಬಂದು ಟ್ರಂಕಿನಲ್ಲಿದ್ದ ಹಳೆಯ ಪಾಸ್‌ಬುಕ್‌ಗಳನ್ನು ತೆಗೆದು, ಕೆಂಪು ಪೆನ್ನು ಹಿಡಿದು ಕೂತರು. ಪ್ರತಿ ತಿಂಗಳ 5ನೇ ತಾರೀಕಿನ ಎದುರಿಗೆ ACH D ಎಂಬ ಅಕ್ಷರಗಳು, ಪಕ್ಕದಲ್ಲಿ ಮೊಟಕಾದ ಒಂದು ಹೆಸರು, ಆಮೇಲೆ ಒಂದು ಉದ್ದನೆಯ ಸಂಖ್ಯೆ. ಮೊದಲ ಸಾಲು 2019ರ ಮಾರ್ಚಿನದು. ಅಲ್ಲಿಂದ 26 ತಿಂಗಳು 99 ರೂಪಾಯಿಯಂತೆ 2,574 ರೂಪಾಯಿ. 2021ರ ಮೇ ತಿಂಗಳಿಂದ ಮೊತ್ತ 149ಕ್ಕೆ ಏರಿತ್ತು. ಹಾಗೆ 48 ತಿಂಗಳಿಗೆ 7,152. ಒಟ್ಟು 9,726 ರೂಪಾಯಿ.

2019ರ ಮಾರ್ಚ್ ಎಂದೊಡನೆ ಮೇಷ್ಟ್ರಿಗೆ ನೆನಪಾದದ್ದು ಮೊಬೈಲ್ ಅಂಗಡಿ. ನಿವೃತ್ತರಾದ ಮರುವರ್ಷ 15,000 ರೂಪಾಯಿಯ ಫೋನೊಂದನ್ನು ಹತ್ತು ಕಂತಿನಲ್ಲಿ ಕೊಂಡಿದ್ದರು. ಅಂಗಡಿಯಲ್ಲೇ ಕೂತಿದ್ದ ಹಣಕಾಸು ಕಂಪನಿಯ ಹುಡುಗ ನಾಲ್ಕೈದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದ. ಕಂತು ತಪ್ಪದೆ ಹೋಗಿ ಸಾಲ ತೀರಿ, ಎನ್‌ಒಸಿಯೂ ಅಂಚೆಯಲ್ಲಿ ಬಂದಿತ್ತು. ಆದರೆ ಅಂದು ಸಹಿ ಹಾಕಿದ ಕಾಗದಗಳಲ್ಲಿ ಒಂದು ಸಾಲದ್ದಲ್ಲ, ತಿಂಗಳಿಗೆ 99 ರೂಪಾಯಿಯ ‘ಸದಸ್ಯತ್ವ’ದ್ದು. ಇನ್ನೊಂದು, ಈ ಕಥೆಗೆಲ್ಲ ಮೂಲವಾದ ನ್ಯಾಚ್ ಮ್ಯಾಂಡೇಟ್.

ನ್ಯಾಚ್ ಎಂದರೆ ರಾಷ್ಟ್ರೀಯ ಪಾವತಿ ನಿಗಮ ನಡೆಸುವ ವ್ಯವಸ್ಥೆ. ಸಾಲದ ಕಂತು, ವಿಮೆಯ ಪ್ರೀಮಿಯಂ, ಎಸ್‌ಐಪಿ ಹಣವೆಲ್ಲ ಲಕ್ಷಾಂತರ ಖಾತೆಗಳಿಂದ ತಾನಾಗಿ ಕಡಿತವಾಗುವುದು ಇದರ ಮೂಲಕ. ಮ್ಯಾಂಡೇಟ್ ಎಂಬುದು ಖಾತೆದಾರ ಬರೆದುಕೊಡುವ ಅಪ್ಪಣೆ: ಇಂಥ ಕಂಪನಿ ಕೇಳಿದಾಗ ನನ್ನ ಖಾತೆಯಿಂದ ಹಣ ಕೊಡಿ ಎಂದು. ಕಾಗದದ ಫಾರಂ ಒಂದು ಚೆಕ್ಕಿಗಿಂತ ಅಷ್ಟೇನೂ ದೊಡ್ಡದಿರುವುದಿಲ್ಲ, ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ಬ್ಯಾಂಕಿನಿಂದ ಮೇಷ್ಟ್ರು ತರಿಸಿಕೊಂಡ ನಕಲಿನಲ್ಲಿ ಮೂರು ಜಾಗಗಳನ್ನು ನೋಡಿದರೆ ಆರು ವರ್ಷದ ಗುಟ್ಟು ತಿಳಿಯುತ್ತದೆ.

ಮೊದಲನೆಯದು ಮೊತ್ತ. ಕಂತು ಇದ್ದದ್ದು 1,500 ರೂಪಾಯಿ, ಫಾರಂನಲ್ಲಿ ಬರೆದಿದ್ದದ್ದು 10,000. ಅದರ ಪಕ್ಕದಲ್ಲಿ ‘ನಿಗದಿತ ಮೊತ್ತ’, ‘ಗರಿಷ್ಠ ಮೊತ್ತ’ ಎಂದು ಎರಡು ಚೌಕ ಇರುತ್ತವೆ. ಗುರುತು ಬಿದ್ದಿದ್ದು ಗರಿಷ್ಠದ ಮೇಲೆ. ಅಂದರೆ 10,000ದ ಒಳಗೆ ಎಷ್ಟು ಕೇಳಿದರೂ ಬ್ಯಾಂಕು ಕೊಡಬೇಕು. 99 ರೂಪಾಯಿ 149 ಆದಾಗ ಯಾರೂ ಹೊಸದಾಗಿ ಸಹಿ ಕೇಳದೇ ಇದ್ದದ್ದು ಇದಕ್ಕೇ. ಎರಡನೆಯದು ಅವಧಿ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಎಂಬ ಚೌಕಗಳ ಜೊತೆಗೆ ‘ಕೇಳಿದಾಗಲೆಲ್ಲ’ ಎಂಬುದೂ ಒಂದಿದೆ, ಅದಕ್ಕೆ ಗುರುತು ಹಾಕಲಾಗಿತ್ತು. ಮೂರನೆಯದು ಕೊನೆಯ ದಿನಾಂಕ. ಹತ್ತು ಕಂತಿನ ಸಾಲಕ್ಕೆ 2019ರ ಡಿಸೆಂಬರ್ ಎಂದು ಬರೆಯಬೇಕಾಗಿದ್ದ ಕಡೆ ಖಾಲಿ ಬಿಟ್ಟು, ಅದರ ಕೆಳಗಿನ ‘ರದ್ದು ಮಾಡುವವರೆಗೆ’ ಎಂಬುದಕ್ಕೆ ಟಿಕ್ ಹಾಕಿತ್ತು.

ಇಲ್ಲೇ ಇದೆ ಜನ ಎಡವುವ ಜಾಗ. ಸಾಲ ತೀರಿದರೆ ಅಪ್ಪಣೆಯೂ ತೀರಿತು ಎಂದು ನಾವು ಅಂದುಕೊಳ್ಳುತ್ತೇವೆ. ಬ್ಯಾಂಕಿನ ಲೆಕ್ಕದಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಎನ್‌ಒಸಿ ಕಂಪನಿಗೂ ಸಾಲಗಾರನಿಗೂ ನಡುವಿನ ಕಾಗದ. ಮ್ಯಾಂಡೇಟ್ ಇರುವುದು ಬ್ಯಾಂಕಿನ ಕಂಪ್ಯೂಟರಿನಲ್ಲಿ. ಸಾಲ ತೀರಿದ ಸುದ್ದಿ ಅಲ್ಲಿಗೆ ಹೋಗುವುದೇ ಇಲ್ಲ. ಕಂಪನಿಯಿಂದ ಬೇಡಿಕೆ ಬಂದಾಗ ಮ್ಯಾಂಡೇಟ್ ಇದೆಯೇ, ಮೊತ್ತ ಮಿತಿಯೊಳಗಿದೆಯೇ, ಖಾತೆಯಲ್ಲಿ ಹಣವಿದೆಯೇ ಎಂದು ನೋಡುತ್ತಾರೆ. ಯಾತಕ್ಕಾಗಿ ಕೇಳುತ್ತಿದ್ದೀರಿ ಎಂದು ಕೇಳುವವರಿಲ್ಲ.

ಮೂವತ್ತು ವರ್ಷ ಮಕ್ಕಳ ಅಂಕಪಟ್ಟಿ ಕೂಡಿ ಕಳೆದವರಿಗೆ ಇದು ಕಾಣಲಿಲ್ಲವೇ ಎಂದರೆ, ಕಾಣದಿರುವುದಕ್ಕೆ ಕಾರಣಗಳಿದ್ದವು. ಪಿಂಚಣಿಯೇ ಒಂದೇ ಮೊತ್ತದಲ್ಲಿ ಬರುವುದಿಲ್ಲ. ತುಟ್ಟಿಭತ್ಯೆ ಏರಿದಾಗ ಬದಲಾಗುತ್ತದೆ, ಅದರ ಬಾಕಿ ಒಮ್ಮೆಲೇ ಬಂದು ಸೇರುತ್ತದೆ. ಹೀಗೆ ಏರಿಳಿಯುವ ಮೊತ್ತದಲ್ಲಿ 149 ರೂಪಾಯಿ ಕಡಿಮೆಯಾದರೆ ತಿಳಿಯದು. ಅಲ್ಲದೆ ಪಾಸ್‌ಬುಕ್ಕಿನಲ್ಲಿ ಕಂಪನಿಯ ಪೂರ್ತಿ ಹೆಸರಿರಲಿಲ್ಲ. ACH ಎಂಬುದನ್ನು ಮೇಷ್ಟ್ರು ಬ್ಯಾಂಕಿನದೇ ಏನೋ ಚಾರ್ಜು ಎಂದು ತಿಳಿದಿದ್ದರು.

ಎಸ್‌ಎಂಎಸ್ ಬರಲಿಲ್ಲವೇ? ಬರುತ್ತಿತ್ತು, ಬೆಂಗಳೂರಿನಲ್ಲಿರುವ ಮಗನಿಗೆ. ಖಾತೆಗೆ ಜೋಡಿಸಿದ್ದು ಅವನ ನಂಬರು. “ನೀವೇ ಯಾವುದೋ ಇನ್ಶೂರೆನ್ಸ್ ಮಾಡ್ಸಿದ್ದೀರಿ ಅಂದ್ಕೊಂಡಿದ್ದೆ ಅಪ್ಪಾ” ಎಂದ ಮಗ. ಹಿರಿಯರ ಎಷ್ಟೋ ಖಾತೆಗಳಿಗೆ ಮಕ್ಕಳ ನಂಬರೇ ಇರುತ್ತದೆ. ಹಣ ಯಾರದೋ ಅವರಿಗೆ ಸಂದೇಶವಿಲ್ಲ, ಸಂದೇಶ ಬಂದವರಿಗೆ ಅದು ತಮ್ಮ ಹಣವಲ್ಲ.

ಮೇಷ್ಟ್ರು ಮೊದಲು ಮಾಡಿದ್ದು ಕಡಿತ ನಿಲ್ಲಿಸುವ ಕೆಲಸ. ಪ್ರತಿ ಮ್ಯಾಂಡೇಟಿಗೂ ಯುಎಂಆರ್‌ಎನ್ ಎಂಬ 20 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ಶಾಖೆಯಲ್ಲಿ ಅದನ್ನು ಕೇಳಿ ಪಡೆದು, ಖಾತೆ ಸಂಖ್ಯೆಯೊಂದಿಗೆ ಅರ್ಜಿಯಲ್ಲಿ ಬರೆದು, “ಈ ಮ್ಯಾಂಡೇಟ್ ರದ್ದು ಮಾಡಿ” ಎಂದು ಕೊಟ್ಟರು. ಕಂಪನಿಯಿಂದಲೇ ರದ್ದು ಮಾಡಿಸಿಕೊಂಡು ಬನ್ನಿ ಎಂದು ಕೆಲವು ಕಡೆ ಕೌಂಟರಿನಲ್ಲಿ ಹೇಳಿ ಕಳಿಸುವುದುಂಟು. ಅಪ್ಪಣೆ ಕೊಟ್ಟವರು ಖಾತೆದಾರರು, ಹಿಂದಕ್ಕೆ ಪಡೆಯುವ ಹಕ್ಕೂ ಅವರದೇ. ತಮ್ಮ ಬ್ಯಾಂಕಿಗೇ ಅರ್ಜಿ ಕೊಡಬಹುದು. ಆದರೆ ಒಂದು ಎಚ್ಚರಿಕೆ ಬೇಕು: ಅದೇ ಮ್ಯಾಂಡೇಟಿನಲ್ಲಿ ಸಾಲ ಇನ್ನೂ ನಡೆಯುತ್ತಿದ್ದರೆ ರದ್ದು ಮಾಡುವುದು ಅಪಾಯ. ಖಾತೆಯಲ್ಲಿ ಹಣವಿಲ್ಲದೆ ಇಂಥ ಪಾವತಿ ಬೌನ್ಸ್ ಆದರೆ, ಚೆಕ್ ಬೌನ್ಸಿನ ಹಾಗೆಯೇ ಮೊಕದ್ದಮೆ ಹೂಡಲು 2007ರ ಪಾವತಿ ಕಾಯ್ದೆಯ 25ನೇ ಕಲಮಿನಲ್ಲಿ ಅವಕಾಶವಿದೆ. ಕಂತನ್ನು ಬೇರೆ ದಾರಿಯಲ್ಲಿ ಕಟ್ಟುವ ಏರ್ಪಾಡಾದ ಮೇಲೆಯೇ ಮ್ಯಾಂಡೇಟ್ ಮುಟ್ಟಬೇಕು.

ಹೋದ ಹಣದ ಮಾತು ಬೇರೆ. ಮೋಸದ ವ್ಯವಹಾರವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ನಿಯಮವನ್ನು ಮಗ ಓದಿ ಹೇಳಿದ. ಅದು ಇಲ್ಲಿ ನಿಲ್ಲಲಿಲ್ಲ. ಆ ನಿಯಮ ಇರುವುದು ಖಾತೆದಾರನ ಒಪ್ಪಿಗೆಯಿಲ್ಲದೆ ನಡೆದ ವ್ಯವಹಾರಕ್ಕೆ, ಇಲ್ಲಿ ಮೇಷ್ಟ್ರದೇ ಸಹಿ ಇದೆ. ಹಾಗಾಗಿ ಜಗಳ ಬ್ಯಾಂಕಿನೊಂದಿಗಲ್ಲ, ಕಂಪನಿಯೊಂದಿಗೆ.

ಕಂಪನಿಗೆ ಬರೆದ ಪತ್ರದಲ್ಲಿ ಮೇಷ್ಟ್ರು ಕೋಪ ತೋರಿಸಲಿಲ್ಲ, ಮೂರು ದಾಖಲೆ ಕೇಳಿದರು: ಸದಸ್ಯತ್ವಕ್ಕೆ ತಾವು ಒಪ್ಪಿದ ಕಾಗದ, ಮೊತ್ತ ಏರಿಸಿದಾಗ ತಮಗೆ ಕಳಿಸಿದ ತಿಳಿವಳಿಕೆ ಪತ್ರ, ಆರು ವರ್ಷದಲ್ಲಿ ಆ ಸದಸ್ಯತ್ವದಿಂದ ತಮಗೆ ಸಿಕ್ಕ ಸೇವೆಯ ವಿವರ. ಜೊತೆಗೆ ಕೆಂಪು ಗೆರೆ ಎಳೆದ ಪಾಸ್‌ಬುಕ್ ಪುಟಗಳ ಜೆರಾಕ್ಸ್. ಈ ಪುಟಗಳಿಲ್ಲದಿದ್ದರೆ ಕಷ್ಟವಿತ್ತು. ವ್ಯವಹಾರದ ದಾಖಲೆಯನ್ನು ಬ್ಯಾಂಕುಗಳು ಇಡಲೇಬೇಕಾದ ಕನಿಷ್ಠ ಅವಧಿ 5 ವರ್ಷ. 2019ರ ಲೆಕ್ಕ ಬ್ಯಾಂಕಿನಲ್ಲಿ ಸಿಗುವುದೆಂಬ ಖಾತ್ರಿ ಇರಲಿಲ್ಲ.

ಸಹಿ ಮಾಡಿದ ಫಾರಂನ ನಕಲನ್ನು ಕಂಪನಿ ಕಳಿಸಿತು. ಬೆಲೆ ಏರಿಸಿದ ತಿಳಿವಳಿಕೆ ಪತ್ರ ಕಳಿಸಲಿಲ್ಲ. ಕೊನೆಗೆ ‘ಸೌಹಾರ್ದದಿಂದ’ ಎಂದು 24 ತಿಂಗಳ ಹಣ, 3,576 ರೂಪಾಯಿ ವಾಪಸು ಮಾಡಿತು. ಎರಡು ವರ್ಷ ಎಂಬ ಲೆಕ್ಕ ಎಲ್ಲಿಂದ ಬಂದಿರಬಹುದು ಎಂದು ಊಹಿಸುವುದು ಕಷ್ಟವಲ್ಲ: ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಕಾನೂನು ಕೊಡುವ ಕಾಲಾವಕಾಶವೂ ಎರಡೇ ವರ್ಷ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ.

ಬಾಕಿ 6,150 ರೂಪಾಯಿಗೆ ಮೇಷ್ಟ್ರು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಿದ್ದಾರೆ. ಕಂಪನಿಗೆ ಮೊದಲು ಬರೆದು, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಅಲ್ಲಿಗೆ ಹೋಗಬಹುದು. cms.rbi.org.in ತಾಣದಲ್ಲಿ ದೂರು ದಾಖಲಿಸಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪೂರ್ತಿ ಹಣ ಬಂದೀತು ಎಂಬ ಭರವಸೆ ಅವರಿಗಿಲ್ಲ. 99 ರೂಪಾಯಿಗೆ ಸಹಿ ಇದೆ. ಮೇಲಿನ 50 ರೂಪಾಯಿಗೆ ಒಪ್ಪಿಗೆ ಎಲ್ಲಿದೆ ಎಂಬುದೇ ಅವರ ವಾದ.

ಇದೇ ಸದಸ್ಯತ್ವ ಇಂದು ಯುಪಿಐ ಆಟೋಪೇ ಅಥವಾ ಕಾರ್ಡಿನ ಮೂಲಕ ಶುರುವಾಗಿದ್ದರೆ ಇಷ್ಟು ವರ್ಷ ಅಡಗಿರುವುದು ಕಷ್ಟವಿತ್ತು. 2021ರ ಅಕ್ಟೋಬರ್ 1ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ನಿಯಮದಂತೆ, ಅಂಥ ಮರುಕಳಿಸುವ ಕಡಿತಕ್ಕೆ 24 ಗಂಟೆ ಮೊದಲೇ ತಿಳಿಸಬೇಕು, ಬೇಡವೆನ್ನುವ ಅವಕಾಶವನ್ನೂ ಕೊಡಬೇಕು. ಯುಪಿಐ ಆ್ಯಪ್‌ನಲ್ಲಿ AutoPay ಎಂಬಲ್ಲಿ ಹೋದರೆ ಎಲ್ಲ ಅಪ್ಪಣೆಗಳ ಪಟ್ಟಿ ಕಾಣುತ್ತದೆ, ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು. ಕಾಗದದ ನ್ಯಾಚ್ ಮ್ಯಾಂಡೇಟುಗಳು ಈ ನಿಯಮದ ಆಚೆಗಿವೆ, ಯುಪಿಐ ಆ್ಯಪ್ ತೆರೆದು ನೋಡಿದರೆ ಕಾಣುವುದೂ ಇಲ್ಲ. ಬ್ಯಾಂಕಿನ ಶಾಖೆಯಲ್ಲಿ ಅಥವಾ ನೆಟ್‌ಬ್ಯಾಂಕಿಂಗಿನಲ್ಲಿ “ನನ್ನ ಖಾತೆಯ ಮೇಲೆ ಯಾವ ಯಾವ ಮ್ಯಾಂಡೇಟ್ ಚಾಲ್ತಿಯಲ್ಲಿವೆ?” ಎಂದು ಕೇಳಿಯೇ ತಿಳಿಯಬೇಕು.

ಕೇಳುವುದಕ್ಕೆ ಸರಿಯಾದ ದಿನ ಸಾಲ ತೀರಿದ ದಿನ. ಎನ್‌ಒಸಿ ಕೈಗೆ ಬಂದ ಕೂಡಲೆ ಅದರ ಜೆರಾಕ್ಸ್ ಲಗತ್ತಿಸಿ ಮ್ಯಾಂಡೇಟ್ ರದ್ದತಿಯ ಅರ್ಜಿ ಕೊಟ್ಟು, ಬ್ಯಾಂಕಿನ ಮೊಹರು ಬಿದ್ದ ನಕಲನ್ನು ಎನ್‌ಒಸಿಯ ಜೊತೆಗೇ ಪಿನ್ ಮಾಡಿ ಇಡಬೇಕು. ಮುಂದಿನ ಎರಡು ತಿಂಗಳು ಕಡಿತದ ತಾರೀಕು ಕಳೆದ ಮೇಲೆ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ACH ಸಾಲು ಇಲ್ಲವೆಂದು ಖಚಿತವಾದರೆ, ಆಗ ಸಾಲ ನಿಜವಾಗಿ ತೀರಿದಂತೆ.